ರೀಸೆಟ್ ಸಮಯ ಬಾಟ್‌ನಲ್ಲಿ ಸಂಜೆ 5:30 ಎಂದು ಬರುತ್ತಿದೆ, ಆಟದಲ್ಲಿ ಮಾತ್ರ ರಾತ್ರಿ 1:30ಕ್ಕೇ ಆಗುತ್ತಿದೆ

ಕುವೆಂಪುನಗರ_ಕಾವಲುಗಾರ

ಮೈಸೂರು ಮತ್ತು ಮಂಡ್ಯದ ಗೆನ್‌ಶಿನ್ ಇಂಪ್ಯಾಕ್ಟ್ ಆಟಗಾರರದ್ದೊಂದು ಡಿಸ್ಕಾರ್ಡ್ ಗುಂಪಿದೆ. ಅದರ ಬಾಟ್ ಬರೆದವರು ಕೆಲಸ ಸಿಕ್ಕು ಬೇರೆ ಊರಿಗೆ ಹೋದರು, ಈಗ ಅದು ನನ್ನ ತಲೆಗೆ ಬಂದಿದೆ. ಬಹುತೇಕ ಎಲ್ಲರೂ ಏಷ್ಯಾ ಸರ್ವರ್‌ನಲ್ಲಿದ್ದಾರೆ. ನ್ಯೂಜೆರ್ಸಿಯಲ್ಲಿರುವ ಒಬ್ಬರು ಅಮೆರಿಕ ಸರ್ವರ್‌ನಲ್ಲೂ ಆಡುತ್ತಾರೆ.

ಏಷ್ಯಾ ಸರ್ವರ್‌ನ ದಿನದ ರೀಸೆಟ್ ಸರ್ವರ್ ಸಮಯ ಬೆಳಗಿನ 4 ಗಂಟೆಗೆ. ನಮ್ಮ ಗಡಿಯಾರದಲ್ಲಿ ಅದು ರಾತ್ರಿ 1:30, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಬಾಟ್ ಮಾತ್ರ ಸಂಜೆ 5:30 ಎನ್ನುತ್ತದೆ. ಅದನ್ನು ನಂಬಿ ಒಬ್ಬರು ವಾರದ ಬಾಸ್‌ಗಳನ್ನು ಸೋಮವಾರ ಮಧ್ಯಾಹ್ನಕ್ಕೆ ಉಳಿಸಿಕೊಂಡು, ಹಳೆಯ ವಾರದ ಬಹುಮಾನ ಕಳೆದುಕೊಂಡರು. ಸಮಯ ಲೆಕ್ಕ ಹಾಕುವ ಭಾಗ ಇಷ್ಟೇ:

```python
from datetime import datetime
from zoneinfo import ZoneInfo

t = datetime(2025, 11, 3, 4, 0, tzinfo=ZoneInfo("Etc/GMT+8"))
print(t.astimezone(ZoneInfo("Asia/Kolkata")))
# 2025-11-03 17:30:00+05:30
```

ಸರ್ವರ್ ಯುಟಿಸಿ+8, ಇಲ್ಲಿ ಬರೆದಿರುವುದೂ +8. ತಪ್ಪು ಎಲ್ಲಿದೆ?

ತಡರಾತ್ರಿ_ತಂಬಿಟ್ಟು

ಫೋನಿನ ಸೆಟ್ಟಿಂಗ್‌ನಲ್ಲಿ ದಿನಾಂಕ ಮತ್ತು ಸಮಯವನ್ನು ಸ್ವಯಂಚಾಲಿತಕ್ಕೆ ಹಾಕಿ, ಸರಿಹೋಗುತ್ತದೆ. ಇನ್ನೊಂದು ಮಾತು: ಫೋನಿನ ಗಡಿಯಾರ ಮುಂದೆ ತಳ್ಳಿ ರೀಸೆಟ್ ಬೇಗ ಬರಿಸಿಕೊಳ್ಳಬಹುದು ಎಂದು ಯಾರೋ ಹೇಳಿದ್ದರು. ನಾನು ಮಾಡಿ ನೋಡಿದೆ, ಏನೂ ಆಗಲಿಲ್ಲ.

ರಾಗಿಮುದ್ದೆ_ರಣಧೀರ

5:30 ಎಂದ ಕೂಡಲೇ ಗೊತ್ತಾಯಿತು. ಭಾರತದ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆಯಲ್ಲ, ಎಲ್ಲೋ ದಿನಾಂಕವನ್ನು ಮಾತ್ರ ಓದಿ ಗಂಟೆಯನ್ನು ಸೊನ್ನೆ ಎಂದುಕೊಂಡು, ಮೇಲೆ ಐದೂವರೆ ಕೂಡಿಸುತ್ತಿದೆ. ಜಾವಾಸ್ಕ್ರಿಪ್ಟ್‌ನಲ್ಲಿ `new Date("2025-11-03")` ಎಂದು ಬರೆದರೆ ಇದೇ ಕಾಟ. ದಿನಾಂಕದ ಜೊತೆ ಗಂಟೆಯನ್ನೂ ಕೊಡಿ.

ಹಳೇಗಡಿಯಾರ

ರಣಧೀರ ಅವರು ಹೇಳಿದ ದೋಷ ನಿಜಕ್ಕೂ ಇದೆ, ನಾನೂ ಕಂಡಿದ್ದೇನೆ. ಆದರೆ ಅದರಲ್ಲಿ ಬರುವುದು ಬೆಳಗಿನ 5:30. ಇಲ್ಲಿ ಬಂದಿರುವುದು ಸಂಜೆಯದು. ಸಂಜೆ 5:30 ಎಂದರೆ ಯುಟಿಸಿ ಮಧ್ಯಾಹ್ನ 12. ಆ ಹನ್ನೆರಡು ಎಲ್ಲಿಂದ ಬಂತು ಎಂದು ಹುಡುಕಬೇಕು. ಸರ್ವರ್‌ನ ನಾಲ್ಕಕ್ಕೆ ಎಂಟನ್ನು ಕೂಡಿಸಿದರೆ ಹನ್ನೆರಡು. ಯುಟಿಸಿಗಿಂತ ಎಂಟು ಗಂಟೆ ಮುಂದಿರುವ ಸರ್ವರ್ ಆದರೆ ನಾಲ್ಕರಿಂದ ಎಂಟನ್ನು ಕಳೆಯಬೇಕಿತ್ತು. ಹಿಂದಿನ ದಿನದ ರಾತ್ರಿ 8 ಬರಬೇಕಿತ್ತು.

ಕಾರಣ `Etc/GMT+8` ಎಂಬ ಹೆಸರೇ. `Etc/` ಗುಂಪಿನ ಹೆಸರುಗಳಲ್ಲಿ ಚಿಹ್ನೆ ತಿರುಗುಮುರುಗಾಗಿರುತ್ತದೆ. ಹಳೆಯ ಪೊಸಿಕ್ಸ್ ಪದ್ಧತಿಯಿಂದ ಉಳಿದುಬಂದದ್ದು ಅದು. ಅಲ್ಲಿ ಪ್ಲಸ್ ಎಂದರೆ ಗ್ರೀನ್‌ವಿಚ್‌ಗಿಂತ ಪಶ್ಚಿಮಕ್ಕೆ. ಹಾಗಾಗಿ `Etc/GMT+8` ಎಂದರೆ ಯುಟಿಸಿಗಿಂತ ಎಂಟು ಗಂಟೆ ಹಿಂದೆ. ನಿಮ್ಮ ಬಾಟ್ ಏಷ್ಯಾ ಸರ್ವರ್ ಅನ್ನು ಪೆಸಿಫಿಕ್ ಸಾಗರದ ಆಚೆ ಇಟ್ಟಿದೆ.

ಈ ದೋಷಕ್ಕೊಂದು ಗುರುತಿದೆ. ತೋರಿಸುವ ಸಮಯಕ್ಕೂ ನಿಜವಾದ ಸಮಯಕ್ಕೂ ಇರುವ ಅಂತರ ಯಾವಾಗಲೂ ಸರ್ವರ್‌ನ ಅಂತರದ ಎರಡರಷ್ಟಾಗಿರುತ್ತದೆ. 1:30 ಮತ್ತು 17:30ರ ನಡುವೆ ಹದಿನಾರು ಗಂಟೆ, ಎಂಟರ ಎರಡರಷ್ಟು. ಅಮೆರಿಕ ಸರ್ವರ್ ಯುಟಿಸಿ-5 ಆದ್ದರಿಂದ ಅದು ಹತ್ತು ಗಂಟೆ ಬೇಗ ತೋರಿಸಬೇಕು. ನೋಡಿ ಹೇಳಿ.

ಕುವೆಂಪುನಗರ_ಕಾವಲುಗಾರ

ಹೌದು ಸರ್. ಅಮೆರಿಕ ಸರ್ವರ್‌ಗೆ ಬೆಳಗಿನ 4:30 ಎಂದಿದೆ, ಇರಬೇಕಾದ್ದು ಮಧ್ಯಾಹ್ನ 2:30. ಯುರೋಪ್ ಸಾಲನ್ನೂ ನೋಡಿದೆ. ಅಲ್ಲಿ 8:30ರ ಬದಲು 10:30, ಎರಡೇ ಗಂಟೆ ವ್ಯತ್ಯಾಸ. ಅಲ್ಲಿ ಆಡುವವರು ಯಾರೂ ಇಲ್ಲದ ಕಾರಣ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿಲ್ಲ.

ಹಾಗಾದರೆ ಮೂರೂ ಕಡೆ ಚಿಹ್ನೆ ತಿರುಗಿಸಿದರೆ ಆಯಿತೇ?

ರಾಗಿಮುದ್ದೆ_ರಣಧೀರ

ಚಿಹ್ನೆಯ ವಿಷಯ ನನಗೆ ತಿಳಿದಿರಲಿಲ್ಲ, ಒಪ್ಪಿದೆ. ಆದರೆ `Etc/` ಸಹವಾಸವೇ ಬೇಡ. ಯಾವಾಗಲೂ ಊರಿನ ಹೆಸರು ಹಾಕಬೇಕು ಎಂಬುದು ಎಲ್ಲ ಕಡೆ ಹೇಳುವ ಮಾತು. ಏಷ್ಯಾಗೆ `Asia/Shanghai`, ಅಮೆರಿಕಕ್ಕೆ `America/New_York` ಹಾಕಿ.

ಹಳೇಗಡಿಯಾರ

ಆ ಮಾತು ಸಾಮಾನ್ಯವಾಗಿ ಸರಿ, ಈ ಆಟಕ್ಕೆ ಮಾತ್ರ ಒಗ್ಗುವುದಿಲ್ಲ. ಶಾಂಘೈ ಹಾಕಿದರೆ ತೊಂದರೆಯಿಲ್ಲ, ಚೀನಾದಲ್ಲಿ ಈಗ ಬೇಸಿಗೆಗೆ ಗಡಿಯಾರ ಮುಂದೆ ಹಾಕುವ ಪದ್ಧತಿ ಇಲ್ಲ. ನ್ಯೂಯಾರ್ಕ್ ಹಾಕಿದರೆ ಚಳಿಗಾಲವೆಲ್ಲ ಸರಿಯಾಗಿ ನಡೆಯುತ್ತದೆ, ಎಲ್ಲರೂ ಇದನ್ನು ಮರೆತೂ ಬಿಡುತ್ತಾರೆ. 2026ರ ಮಾರ್ಚ್ 8ರಂದು ಅಲ್ಲಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಆಟದ ಅಮೆರಿಕ ಸರ್ವರ್ ವರ್ಷವಿಡೀ ಯುಟಿಸಿ-5ರಲ್ಲೇ ನಿಂತಿರುತ್ತದೆ. ಅಂದಿನಿಂದ ನಿಮ್ಮ ಬಾಟ್ ಒಂದು ಗಂಟೆ ಬೇಗ ತೋರಿಸತೊಡಗುತ್ತದೆ.

ಎಲ್ಲ ಆಟಗಳೂ ಹೀಗಲ್ಲ. ಕೆಲವು ಆಟಗಳ ಪ್ರಕಟಣೆಯಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗಿನ ಹತ್ತು ಎಂದು ಬರೆದಿರುತ್ತಾರೆ, ಬೇಸಿಗೆಯಲ್ಲೂ ಚಳಿಗಾಲದಲ್ಲೂ ಅಲ್ಲಿ ಹತ್ತೇ. ಅಂಥದಕ್ಕೆ ಊರಿನ ಹೆಸರೇ ಬೇಕು. ಯಾವ ಆಟ ಯಾವ ಜಾತಿ ಎಂದು ತಿಳಿಯಲು ನಮ್ಮ ಊರಿನಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ, ಏಕೆಂದರೆ ಭಾರತದ ಗಡಿಯಾರವನ್ನು ಯಾರೂ ಮುಟ್ಟುವುದಿಲ್ಲ. ಮಾರ್ಚ್‌ನಲ್ಲೋ ನವೆಂಬರ್‌ನಲ್ಲೋ ಮೈಸೂರಿನಲ್ಲಿ ಕುಳಿತವರಿಗೆ ರೀಸೆಟ್ ಒಂದು ಗಂಟೆ ಜರುಗಿದರೆ ಆ ಸರ್ವರ್ ಒಂದು ಊರಿನ ಗಡಿಯಾರವನ್ನು ಹಿಂಬಾಲಿಸುತ್ತಿದೆ. ಜರುಗದಿದ್ದರೆ ಅದು ಯುಟಿಸಿಗೆ ಕಟ್ಟಿಹಾಕಿದ್ದು.

ನಿಮ್ಮದಕ್ಕೆ ಹೀಗೆ ಬರೆಯಿರಿ, ಚಿಹ್ನೆ ನಿಮ್ಮ ಕಣ್ಣೆದುರೇ ಇರುತ್ತದೆ:

```python
from datetime import datetime, timedelta, timezone

asia = timezone(timedelta(hours=8))
t = datetime(2025, 11, 3, 4, 0, tzinfo=asia)
print(int(t.timestamp()))
# 1762113600
```

ಆ ಸಂಖ್ಯೆಯನ್ನು ಭಾರತದ ಸಮಯಕ್ಕೆ ನೀವೇ ತಿರುಗಿಸಲು ಹೋಗಬೇಡಿ. `<t:1762113600:F>` ಎಂದು ಡಿಸ್ಕಾರ್ಡ್‌ಗೆ ಕಳುಹಿಸಿ. ಓದುವವರ ಫೋನು ಯಾವ ಕಾಲವಲಯದಲ್ಲಿದೆಯೋ ಆ ಸಮಯವನ್ನು ಅದೇ ತೋರಿಸುತ್ತದೆ, ವಾರದ ಹೆಸರನ್ನೂ ಸೇರಿಸಿ. `F` ಬದಲು `R` ಹಾಕಿದರೆ ಇನ್ನೆಷ್ಟು ಹೊತ್ತಿದೆ ಎಂದು ಬರುತ್ತದೆ.

ಜೆರ್ಸಿ_ಜಾಮೂನು

ಕಾವಲುಗಾರ ಹೇಳಿದ ನ್ಯೂಜೆರ್ಸಿಯವನು ನಾನೇ, ಊರು ಸರಸ್ವತಿಪುರಂ. ವಾರದ ಹೆಸರು ನಿಜಕ್ಕೂ ಬೇಕು. ಏಷ್ಯಾ ಸರ್ವರ್‌ನ ಸೋಮವಾರದ ರೀಸೆಟ್ ನನಗೆ ಭಾನುವಾರ ಮಧ್ಯಾಹ್ನ. ಬಾಟ್ ಸೋಮವಾರ ಎಂದು ಅಚ್ಚುಹಾಕಿಟ್ಟರೆ ನಾನು ಒಂದು ದಿನ ತಡ.

ಈಗ ಹೊಸ ಸಂದೇಶ ನೋಡಿದೆ. ನವೆಂಬರ್ 1ರ ರೀಸೆಟ್ ಸಂಜೆ 4ಕ್ಕೆ, 2ರದ್ದು ಮಧ್ಯಾಹ್ನ 3ಕ್ಕೆ ಎಂದಿದೆ. ಎರಡರ ನಡುವೆ ಇಪ್ಪತ್ತಮೂರೇ ಗಂಟೆ. ಇನ್ನೂ ಏನೋ ತಪ್ಪಿದೆ.

ಹಳೇಗಡಿಯಾರ

ತಪ್ಪಿಲ್ಲ. ನವೆಂಬರ್ 2ರ ನಸುಕಿನಲ್ಲಿ ನಿಮ್ಮ ಗಡಿಯಾರ ಒಂದು ಗಂಟೆ ಹಿಂದಕ್ಕೆ ಬರುತ್ತದೆ. ಆ ರಾತ್ರಿ ಒಂದರಿಂದ ಎರಡರವರೆಗಿನ ಗಂಟೆ ನಿಮಗೆ ಎರಡು ಸಲ ಬರುತ್ತದೆ, ಆದ್ದರಿಂದ ಎರಡು ರೀಸೆಟ್‌ಗಳ ನಡುವೆ ನೀವು ಬದುಕುವುದು ಪೂರ್ತಿ ಇಪ್ಪತ್ತನಾಲ್ಕು ಗಂಟೆಯೇ. ಮೈಸೂರಿನಲ್ಲಿ ಎರಡು ದಿನವೂ ರಾತ್ರಿ 1:30. ಸರ್ವರ್ ಜರುಗಿಲ್ಲ, ನೀವು ಜರುಗಿದ್ದೀರಿ.

ಮದ್ದೂರು_ವಡೆ

ನನ್ನದೂ ಇದೇ ಜಾತಿಯ ತೊಂದರೆ, ಇಲ್ಲೇ ಕೇಳುತ್ತೇನೆ, ಬೇಸರಿಸಬೇಡಿ. ನಮ್ಮ ಗುಂಪಿಗೆ `datetime(2025, 11, 3, 1, 30)` ಎಂದು ನೇರವಾಗಿ ಭಾರತದ ಸಮಯವನ್ನೇ ಬರೆದು, ಅದರಿಂದ `timestamp()` ತೆಗೆದುಕೊಂಡಿದ್ದೆ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಕರಾರುವಾಕ್ಕಾಗಿ ಬರುತ್ತಿತ್ತು. ಕರೆಂಟ್ ಹೋದಾಗಲೆಲ್ಲ ಬಾಟ್ ನಿಲ್ಲುತ್ತದೆಂದು ಬಾಡಿಗೆ ಸರ್ವರ್‌ಗೆ ಹಾಕಿದೆ. ಅಂದಿನಿಂದ ಬೆಳಿಗ್ಗೆ 7 ಎಂದು ತೋರಿಸುತ್ತಿದೆ. ಕೋಡಿನ ಒಂದಕ್ಷರವೂ ಬದಲಾಗಿಲ್ಲ.

ಹಳೇಗಡಿಯಾರ

ಕಾಲವಲಯ ಹೇಳದೆ ಬರೆದ ಸಮಯವನ್ನು ಪೈಥಾನ್ ಆ ಯಂತ್ರದ ಸಮಯ ಎಂದುಕೊಳ್ಳುತ್ತದೆ. ನಿಮ್ಮ ಲ್ಯಾಪ್‌ಟಾಪ್ ಮದ್ದೂರಿನಲ್ಲಿತ್ತು, ಬಾಡಿಗೆ ಯಂತ್ರ ಯುಟಿಸಿಯಲ್ಲಿದೆ. 1:30ಕ್ಕೆ ಐದೂವರೆ ಕೂಡಿಸಿ, 7 ಬರುತ್ತದೆ. ರಣಧೀರ ಅವರು ಅನುಮಾನಿಸಿದ ಐದೂವರೆ ಗಂಟೆ ಸಿಕ್ಕಿದ್ದು ನಿಮ್ಮ ಮನೆಯಲ್ಲಿ. ಬಾಡಿಗೆ ಯಂತ್ರದ ಕಾಲವಲಯ ಬದಲಾಯಿಸಲು ಹೋಗಬೇಡಿ, ಇನ್ನೊಮ್ಮೆ ಯಂತ್ರ ಬದಲಾದಾಗ ಇದೇ ಕಥೆ. `tzinfo` ಸೇರಿಸಿ.

ರಾಗಿಮುದ್ದೆ_ರಣಧೀರ

ಕೊನೆಗೂ ನನ್ನ ಐದೂವರೆಗೆ ಬೆಲೆ ಬಂತು.

ಕುವೆಂಪುನಗರ_ಕಾವಲುಗಾರ

ರೀಸೆಟ್ ಸರಿಯಾಯಿತು, ಎಲ್ಲರಿಗೂ ಅವರವರ ಸಮಯ ಬರುತ್ತಿದೆ. ಇನ್ನು ಸೀಮಿತ ಅವಧಿಯ ಇವೆಂಟ್‌ಗಳು. ಅವಕ್ಕೆ ಬಾಟ್‌ನಲ್ಲಿ ಆರಂಭದ ಸಮಯ ಎಂಬ ಒಂದೇ ಖಾನೆ ಇದೆ. ಅದರಲ್ಲೂ ಒಂದೇ ಸಂಖ್ಯೆ ಹಾಕಿದರೆ ಸಾಕಲ್ಲವೇ?

ಹಳೇಗಡಿಯಾರ

ಸಾಲದು. ಹೊಸ ಆವೃತ್ತಿ ಬಂದಾಗ ಸರ್ವರ್‌ಗಳೆಲ್ಲ ಒಟ್ಟಿಗೆ ತೆರೆಯುತ್ತವೆ, ಅದರೊಂದಿಗೆ ಶುರುವಾಗುವ ಬ್ಯಾನರ್‌ಗೆ ಜಗತ್ತಿಗೆಲ್ಲ ಒಂದೇ ಕ್ಷಣ, ಒಂದೇ ಸಂಖ್ಯೆ. ಆವೃತ್ತಿಯ ನಡುವೆ ಬರುವ ಎರಡನೇ ಬ್ಯಾನರ್ ಹಾಗಲ್ಲ. ಅದು ಆಯಾ ಸರ್ವರ್‌ನ ಸಂಜೆ 6ಕ್ಕೆ ತೆರೆಯುತ್ತದೆ. ಏಷ್ಯಾದ ಸಂಜೆ 6 ಎಂದರೆ ನಮಗೆ ಮಧ್ಯಾಹ್ನ 3:30, ಅಮೆರಿಕದ ಸಂಜೆ 6 ಎಂದರೆ ನಮಗೆ ಮರುದಿನ ಬೆಳಗಿನ 4:30. ಹದಿಮೂರು ಗಂಟೆ ಅಂತರ. ಎರಡೂ ಸರ್ವರ್‌ನಲ್ಲಿ ಆಡುವ ಜಾಮೂನು ಅವರಿಗೆ ಒಂದೇ ಕೌಂಟ್‌ಡೌನ್ ಕೊಟ್ಟರೆ ಒಂದು ಕಡೆ ಖಂಡಿತ ಸುಳ್ಳಾಗುತ್ತದೆ.

ಹಾಗಾಗಿ ಆಟಗಾರನ ಕಾಲವಲಯ ಬೇರೆ, ಅವನು ಆಡುವ ಸರ್ವರ್ ಬೇರೆ. ಮೊದಲನೆಯದನ್ನು ಡಿಸ್ಕಾರ್ಡ್ ನೋಡಿಕೊಳ್ಳುತ್ತದೆ, ಎರಡನೆಯದು ಅದಕ್ಕೆ ತಿಳಿಯುವುದಿಲ್ಲ. ಖಾನೆಯಲ್ಲಿ ‘ಎಲ್ಲರಿಗೂ ಒಂದೇ ಕ್ಷಣ’ ಅಥವಾ ‘ಸರ್ವರ್ ಸಮಯ’ ಎಂದು ಮೊದಲು ಗುರುತು ಹಾಕಿ. ಸರ್ವರ್ ಸಮಯವಾದರೆ ಮೂರು ಸಂಖ್ಯೆ ತಯಾರಿಸಿ, ಮೂರು ಸಾಲು ಕಳುಹಿಸಿ. ಮುಗಿಯುವ ಸಮಯಕ್ಕೆ ಬೇರೆಯದೇ ಗುರುತು ಇರಲಿ: ಒಂದೇ ಕ್ಷಣದಲ್ಲಿ ಶುರುವಾದ ಮೊದಲ ಬ್ಯಾನರ್ ಕೂಡ ಮುಗಿಯುವುದು ಸರ್ವರ್ ಸಮಯದಲ್ಲೇ.

ಜೆರ್ಸಿ_ಜಾಮೂನು

ಓ, ಹೋದ ಸಲ ಅಮೆರಿಕ ಖಾತೆಯಲ್ಲಿ ಅರ್ಧ ದಿನ ಕಾದು ಕುಳಿತದ್ದು ಇದಕ್ಕೇ. ನನ್ನ ಟ್ಯಾಬ್ಲೆಟ್ ಅನ್ನು ಅಮ್ಮನಿಗೆ ಫೋನ್ ಮಾಡಲು ಅನುಕೂಲವೆಂದು ಭಾರತದ ಸಮಯದಲ್ಲೇ ಇಟ್ಟಿದ್ದೇನೆ. ಅದರಲ್ಲಿ ಡಿಸ್ಕಾರ್ಡ್ ತೆರೆದರೆ ಎಲ್ಲವೂ ಭಾರತದ ಸಮಯ. ಎರಡನ್ನೂ ಒಟ್ಟಿಗೆ ನೋಡಬಹುದೇ?

ಹಳೇಗಡಿಯಾರ

ಡಿಸ್ಕಾರ್ಡ್‌ನ ಆ ಗುರುತಿನಿಂದ ಆಗದು, ಅದು ಸಾಧನ ಹೇಳಿದ್ದನ್ನು ಕೇಳುತ್ತದೆ. ಪಕ್ಕದಲ್ಲಿ ಸರ್ವರ್ ಸಮಯವನ್ನು ಸಾದಾ ಅಕ್ಷರದಲ್ಲಿ ಬರೆಸಿ, ಅನುಮಾನ ಬಂದಾಗ ತಾಳೆ ನೋಡಲು ಆಗುತ್ತದೆ.

ತಡರಾತ್ರಿ_ತಂಬಿಟ್ಟು

ಅಂದರೆ ಫೋನಿನ ಸೆಟ್ಟಿಂಗ್ ಸರಿಯಿರಬೇಕು ಎಂದು ನಾನು ಮೊದಲೇ ಹೇಳಿದ್ದು ತೀರಾ ತಪ್ಪೇನಲ್ಲ.

ಕುವೆಂಪುನಗರ_ಕಾವಲುಗಾರ

ಎರಡು ಗುರುತಿನ ಖಾನೆ ಮಾಡಿದ್ದೇನೆ. ಒಂದು ಉಳಿದಿದೆ. ಬೇರೊಂದು ಆಟದ ವೆಬ್ ಇವೆಂಟ್‌ನ ಪ್ರಕಟಣೆಯಲ್ಲಿ ಬರೀ ‘10:00’ ಎಂದಿದೆ. ಯುಟಿಸಿಯ ಸುಳಿವೂ ಇಲ್ಲ, ಸರ್ವರ್ ಸಮಯ ಎಂಬ ಮಾತೂ ಇಲ್ಲ. ಹಿಂದಿನ ಇವೆಂಟ್ ಯಾವಾಗ ತೆರೆಯಿತು ಎಂದು ನಮ್ಮವರಲ್ಲಿ ಇಬ್ಬರನ್ನು ಕೇಳಿದರೆ ಎರಡು ಉತ್ತರ ಬಂತು.

ಹಳೇಗಡಿಯಾರ

ಅವರಿಬ್ಬರೂ ಒಂದೇ ಸರ್ವರ್‌ನವರೇ?

ಕುವೆಂಪುನಗರ_ಕಾವಲುಗಾರ

ಕೇಳಿ ನೋಡುತ್ತೇನೆ. ಅಲ್ಲಿಯವರೆಗೆ ಆ ಸಾಲಿನಲ್ಲಿ ದಿನಾಂಕ ಮಾತ್ರ ಇರಲಿ, ಕೌಂಟ್‌ಡೌನ್ ತೆಗೆದಿದ್ದೇನೆ.