ಅಪ್‌ಡೇಟ್: ಎರಡೂ ಪ್ಲಾನ್‌ನಲ್ಲಿ ಏರಿಕೆ, ಒಟ್ಟಿನಲ್ಲಿ ಇಳಿಕೆ

ನಾನು ಕೇಳಿದ್ದು: "ತಿಂಗಳ ಪ್ಲಾನ್, ವರ್ಷದ ಪ್ಲಾನ್ ಎರಡರಲ್ಲೂ ಕನ್ವರ್ಷನ್, ಅಂದರೆ ಆರ್ಡರ್ ಶುರುಮಾಡಿದವರಲ್ಲಿ ಹಣ ಕಟ್ಟಿದವರ ಪಾಲು, ಏರಿದೆ, ಒಟ್ಟು ಮಾತ್ರ 52%ರಿಂದ 41%ಕ್ಕೆ ಬಿದ್ದಿದೆ. ಎಲ್ಲಿ ತಪ್ಪಿದೆ?"

ಲೆಕ್ಕ ಸರಿಯಾಗೇ ಇತ್ತು. ಆರ್ಡರ್ ಎರಡು ಸಲ ಎಣಿಕೆಯಾಗಿರಬಹುದು ಅಂದಿದ್ದರು, ಆಗಿರಲಿಲ್ಲ. ಪೇಮೆಂಟ್ ಫೇಲ್ ಆಗಿದ್ದೂ ಹೆಚ್ಚಿರಲಿಲ್ಲ. ದಾರಿ ತೋರಿಸಿದ್ದು "ಶೇಕಡಾದ ಪಕ್ಕ ಆರ್ಡರ್ ಸಂಖ್ಯೆಯನ್ನೂ ಬರೆದು ನೋಡಿ" ಎಂದವರ ಸಲಹೆ.

ಮೇನಲ್ಲಿ ತಿಂಗಳ ಪ್ಲಾನಿಗೆ 200 ಆರ್ಡರ್ ಶುರುವಾಗಿ 40 ಜನ ಹಣ ಕಟ್ಟಿದ್ದರು, ಅಂದರೆ 20%. ವರ್ಷದ ಪ್ಲಾನಿಗೆ 800ರಲ್ಲಿ 480, ಅಂದರೆ 60%. ಜೂನ್‌ನಲ್ಲಿ ತಿಂಗಳದ್ದು 1200ರಲ್ಲಿ 300 (25%), ವರ್ಷದ್ದು 800ರಲ್ಲಿ 520 (65%). ಮೊದಲು ಐದರಲ್ಲಿ ಒಂದು ಪಾಲಿದ್ದ ತಿಂಗಳ ಪ್ಲಾನ್ ಈಗ ಐದರಲ್ಲಿ ಮೂರು ಪಾಲು. ಅದರ ದರವೇ ಕಡಿಮೆ, ಹಾಗಾಗಿ ಸರಾಸರಿಯನ್ನು ಕೆಳಗೆಳೆದಿದೆ. ಮೇ ತಿಂಗಳ ಪಾಲನ್ನೇ ಇಟ್ಟು ಜೂನ್ ದರ ಹಾಕಿದರೆ 57% ಬರುತ್ತದೆ.

ಕಾರಣ ನಮ್ಮದೇ ಹೊಸ ಜಾಹೀರಾತು, ಅದರ ಲಿಂಕ್ ನೇರ ತಿಂಗಳ ಪ್ಲಾನಿಗೇ ಹೋಗುತ್ತಿತ್ತು. ನಿಲ್ಲಿಸಬೇಕು ಅಂತಿದ್ದೆವು. ಆದರೆ ಹಣ ಕಟ್ಟಿದವರು 520ರಿಂದ 820 ಆಗಿದ್ದಾರೆ! ಜಾಹೀರಾತು ಮುಂದುವರಿಯುತ್ತಿದೆ. ಆದರೆ 57% ನಂಬುವ ಮುಂಚೆ ಒಂದು ನೋಡಿಕೊಳ್ಳಿ: ವರ್ಷದ ಪ್ಲಾನಿನಲ್ಲಿ ಹಣ ಕಟ್ಟುವುದೇ ಖಚಿತವಿಲ್ಲದ ಗಿರಾಕಿಗಳು ತಿಂಗಳದ್ದಕ್ಕೆ ಸರಿದರೂ ಎರಡೂ ದರ ಏರಬಹುದು. ನಮ್ಮಲ್ಲಿ ವರ್ಷದ ಆರ್ಡರ್ 800ರಲ್ಲೇ ಇದ್ದದ್ದರಿಂದ ಆ ಅನುಮಾನ ಕಡಿಮೆಯಾಯಿತು.