ಮ್ಯಾಕ್ಸಿಮಮ್ ಡ್ರಾಡೌನ್ ಕಡಿಮೆ ಇದ್ದರೆ ಫಂಡ್ ಸೇಫಾ?

ರಶ್ಮಿ: ಎರಡು ಲಾರ್ಜ್ ಕ್ಯಾಪ್ ಫಂಡ್ ನೋಡಿಟ್ಟಿದ್ದೇನೆ. ಒಂದರ ಮ್ಯಾಕ್ಸಿಮಮ್ ಡ್ರಾಡೌನ್, ಅಂದರೆ ಮೇಲಿನ ಮಟ್ಟದಿಂದ ಅತಿ ಹೆಚ್ಚು ಬಿದ್ದದ್ದು, 29%, ಇನ್ನೊಂದರದು 58%. ಮೊದಲನೆಯದೇ ಸೇಫ್ ಅಲ್ವಾ? ಇದನ್ನು ನೋಡಿ ಆರಿಸಿದವರು ಹೇಳಿ.

ವಿನಯ್: ಮೊದಲು ಎರಡೂ ಶುರುವಾದ ವರ್ಷ ನೋಡಿ. 58% ಬಿದ್ದದ್ದು 2008 ಕಂಡ ಫಂಡ್ ಇರಬೇಕು. ಆ ಜನವರಿ 8ಕ್ಕೆ ನಿಫ್ಟಿ 6287ರಲ್ಲಿ ಮುಗಿದಿತ್ತು, ಅಕ್ಟೋಬರ್ 27ಕ್ಕೆ 2524. ಹತ್ತು ಲಕ್ಷ ಇಟ್ಟಿದ್ದವರ ಕೈಯಲ್ಲಿ ನಾಲ್ಕು ಲಕ್ಷ. 2010ರ ನವೆಂಬರ್‌ನಲ್ಲಿ ಹಳೆ ಮಟ್ಟ ಮುಟ್ಟಿ ಮತ್ತೆ ಜಾರಿತು. ಅದರ ಮೇಲೆ ಗಟ್ಟಿಯಾಗಿ ನಿಂತದ್ದು 2014ರಲ್ಲಿ. ಎಷ್ಟು ಬಿತ್ತು ಅನ್ನುವುದಕ್ಕಿಂತ ಈ ಕಾಯುವಿಕೆಯೇ ಜನರನ್ನು ಹೊರಗೆ ಓಡಿಸಿತು ಅಂತ ನನಗನ್ನಿಸುತ್ತದೆ.

ಶ್ರೀಧರ: ಸುಮ್ನೆ ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ? ವರ್ಷವರ್ಷದ ರಿಟರ್ನ್ ನೋಡಿದರೆ ಸಾಕು. ಕೆಟ್ಟ ವರ್ಷ ಅಲ್ಲೇ ಕಾಣುತ್ತದೆ.

ವಿನಯ್: 2008 ಕಾಣುತ್ತದೆ, ಸರ್. 2020 ಕಾಣುವುದಿಲ್ಲ. ಆ ವರ್ಷ ನಿಫ್ಟಿ ಸುಮಾರು 15% ಲಾಭದಲ್ಲೇ ಮುಗಿಯಿತು. ನಡುವೆ ಜನವರಿಯ 12362ರಿಂದ ಮಾರ್ಚ್ 23ರ 7610ಕ್ಕೆ, ಅಂದರೆ 38% ಬಿದ್ದಿತ್ತು. ರಶ್ಮಿ ಅವರೇ, ನಿಮ್ಮ 29% ನೋಡಿ ನನಗೆ ಅನುಮಾನ ಬಂದದ್ದೂ ಇದಕ್ಕೇ. ತಿಂಗಳ ಕೊನೆಯ ಅಂಕಿ ಮಾತ್ರ ಹಿಡಿದರೆ ಅದೇ ಕುಸಿತ 29% ಆಗುತ್ತದೆ, ಯಾಕೆಂದರೆ ಮಾರ್ಚ್ 31ರ ಹೊತ್ತಿಗೆ ನಿಫ್ಟಿ 8598ಕ್ಕೆ ಚೇತರಿಸಿಕೊಂಡಿತ್ತು. ದಿನದಿನದ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, ಇಳಿಸಿಕೊಂಡು ಎಕ್ಸೆಲ್‌ನ B ಕಾಲಂನಲ್ಲಿ B2ರಿಂದ ಹಾಕಿ, C2ನಲ್ಲಿ ಇದನ್ನು ಬರೆದು ಕೆಳಗೆ ಎಳೆಯಿರಿ:

```
=B2/MAX(B$2:B2)-1
```

ಆ ಕಾಲಂನಲ್ಲಿ ಎಲ್ಲಕ್ಕಿಂತ ಹೆಚ್ಚು ಮೈನಸ್ ಇರುವ ಅಂಕಿಯೇ ನಿಮಗೆ ಬೇಕಾದದ್ದು. ತಾರೀಖು ಹಳೆಯದರಿಂದ ಹೊಸದಕ್ಕೆ ಇರಲಿ, ಇಲ್ಲದಿದ್ದರೆ ಉತ್ತರ ತಪ್ಪು.

ಗೀತಾ: ನನ್ನದು ಎಸ್‌ಐಪಿ. 2020ರಲ್ಲಿ ಅಷ್ಟೇನೂ ನೋವಾಗಲಿಲ್ಲ, ಕೆಳಗೆ ಜಾಸ್ತಿ ಯೂನಿಟ್ ಸಿಕ್ಕವು. ಎಸ್‌ಐಪಿ ಇದ್ದವರಿಗೆ ಡ್ರಾಡೌನ್ ಲೆಕ್ಕ ಬೇಡ.

ವಿನಯ್: ಆಗ ನಿಮ್ಮದು ಹೊಸದಿತ್ತು ಅನ್ನಿಸುತ್ತದೆ ಮೇಡಂ. ಮೂವತ್ತು ಲಕ್ಷ ಸೇರಿದ ಮೇಲೆ ತಿಂಗಳಿಗೆ ಹತ್ತು ಸಾವಿರ ಹಾಕುತ್ತಿದ್ದರೆ, 38% ಅಂದರೆ ಹನ್ನೊಂದು ಲಕ್ಷಕ್ಕೂ ಮೇಲೆ. ಕಂತು ಅದನ್ನು ತಡೆಯುವುದಿಲ್ಲ.

ಪ್ರಕಾಶ: ಹಾಗಾದರೆ 20% ಬಿದ್ದ ಕೂಡಲೇ ಮಾರಿ ಹೊರಗೆ ಬಂದರಾಯಿತಲ್ಲ?

ಶ್ರೀಧರ: ಬರುವುದು ಸುಲಭ. ಒಳಗೆ ಹೋಗುವುದು ಯಾವಾಗ? 2020ರ ನವೆಂಬರ್‌ಗೆಲ್ಲ ಹಳೆ ಮಟ್ಟ ದಾಟಿತ್ತು.

ರಶ್ಮಿ: ನೋಡಿದೆ. 29%ರ ಫಂಡ್ ಶುರುವಾದದ್ದು 2013ರಲ್ಲಿ. ದಿನದ ಎನ್‌ಎವಿ ಹಾಕಿದರೆ 37% ಬಂತು! ಆದರೆ ಅದು 2008 ನೋಡೇ ಇಲ್ಲ. ಅದಕ್ಕೇನು ಮಾಡುವುದು?

ವಿನಯ್: ಎರಡನ್ನೂ 2013ರಿಂದ ಈಚೆಗೆ ಮಾತ್ರ ಹೋಲಿಸಿ. 2008ಕ್ಕೆ ನಿಫ್ಟಿ ಸೂಚ್ಯಂಕ ಬಿದ್ದ 60% ಇಟ್ಟುಕೊಳ್ಳುತ್ತೇನೆ ನಾನು.

ಗೀತಾ: ಫಂಡ್ ಮ್ಯಾನೇಜರ್ ಸೂಚ್ಯಂಕಕ್ಕಿಂತ ಕೆಟ್ಟದಾಗಿ ಬೀಳಿಸಿದರೆ?

ವಿನಯ್: ಬೀಳಿಸಬಹುದು. ಅದಕ್ಕೆ ನನ್ನ ಹತ್ತಿರ ಲೆಕ್ಕ ಇಲ್ಲ.