ಸ್ಪೀಡ್ 54 ಎಂಬಿಪಿಎಸ್ ಇದೆ, ಆದ್ರೂ ಕ್ಲೌಡ್ ಗೇಮ್‌ನಲ್ಲಿ ಬಟನ್ ಒತ್ತಿದ ಮೇಲೆ ತಡವಾಗಿ ತಿರುಗ್ತದೆ (ಕಲಬುರಗಿ)

ಸೇಡಂರೋಡ್ ರೇಸರ್

ನಮಸ್ಕಾರ ಎಲ್ರಿಗೂ. ಫೋನ್‌ನಲ್ಲಿ ಕ್ಲೌಡ್ ಗೇಮಿಂಗ್ ಹಾಕಿಸಿಕೊಂಡಿದ್ದೇನೆ, ಬ್ಲೂಟೂತ್ ಕಂಟ್ರೋಲರ್ ಇಟ್ಕೊಂಡು ಕಾರ್ ರೇಸ್ ಆಡ್ತೇನೆ. ಚಿತ್ರ ಸ್ವಚ್ಛವಾಗಿಯೇ ಬರ್ತದೆ. ಆದ್ರೆ ತಿರುವಿನಲ್ಲಿ ಸ್ಟಿಕ್ ತಿರುಗಿಸಿದ್ರೆ ಕಾರು ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ತಿರುಗ್ತದೆ, ಅಷ್ಟರಲ್ಲಿ ಗೋಡೆಗೆ ಹೋಗಿ ಬಡಿದಿರ್ತದೆ. ಒಂದೊಂದ್ಸಲ ಏನೂ ತೊಂದರೆ ಇಲ್ಲ, ಮತ್ತೊಂದ್ಸಲ ಆಡೋಕೇ ಆಗಲ್ಲ. ಸ್ಪೀಡ್ ಟೆಸ್ಟ್‌ನಲ್ಲಿ ಡೌನ್‌ಲೋಡ್ 54, ಅಪ್‌ಲೋಡ್ 9, ಪಿಂಗ್ 26 ತೋರಿಸ್ತದೆ. ಮನೆಯಲ್ಲಿ ಫೈಬರ್ ಇದೆ, ರೂಟರ್ ಮುಂದಿನ ಕೋಣೆಯಲ್ಲಿ. ಇನ್ನೆಷ್ಟು ಸ್ಪೀಡ್ ಬೇಕು ಇದಕ್ಕೆ?

ತೊಗರಿ ಕಣಜ

54 ಸಾಲಲ್ಲ ಬಿಡ್ರಿ. 200ರ ಪ್ಲಾನ್‌ಗೆ ಹೋಗಿ, ನಾನು ಹೋದ ಮೇಲೆ ನಮ್ಮ ಮನೆಯಲ್ಲಿ ಲ್ಯಾಗ್ ಕಡಿಮೆಯಾಯ್ತು. ಜೊತೆಗೆ ಫೋನ್ ರ್‍ಯಾಮ್ ಎಷ್ಟಿದೆ? 6 ಜಿಬಿ ಇದ್ರೆ ಅದನ್ನೂ ನೋಡ್ಕೊಳ್ಳಿ.

ಗುಲ್ಬರ್ಗಾ ಗನ್ನರ್

ನನಗೂ ಇದೇ ಗೋಳು. ಬಿಜಿಎಂಐನಲ್ಲಿ ಪಿಂಗ್ 60 ಇದ್ರೂ ಆರಾಮಾಗಿ ಆಡ್ತೀನಲ್ಲಾ, 26ಕ್ಕೆ ನಿಮಗೆ ಹೇಗೆ ಲ್ಯಾಗ್ ಬರ್ತದೆ? ಕಂಟ್ರೋಲರ್ ಬಿಟ್ಟು ಸ್ಕ್ರೀನ್ ಮೇಲೇ ಆಡಿ ನೋಡಿ. ಗ್ರಾಫಿಕ್ಸ್ ಸ್ಮೂತ್‌ಗೆ ಇಡಿ.

ಬಿದರಿ

ಗನ್ನರ್ ತಮ್ಮಾ, ನೀನು ಹೇಳ್ತಿರೋದು ಬೇರೆ ಆಟ. ಬಿಜಿಎಂಐ ನಡೆಯೋದು ನಿನ್ನ ಫೋನ್ ಒಳಗೇ. ನೀನು ಎಡಕ್ಕೆ ಓಡಿದ್ರೆ ಫೋನ್ ಸರ್ವರ್‌ನ ಕೇಳದೆ ಆ ಕ್ಷಣವೇ ಓಡಿಸಿ ತೋರಿಸ್ತದೆ, ಲೆಕ್ಕ ಆಮೇಲೆ ಸರಿಮಾಡಿಕೊಳ್ತದೆ. ಅದಕ್ಕೇ ಪಿಂಗ್ 60 ಇದ್ರೂ ನಡಿಗೆಯಲ್ಲಿ ಗೊತ್ತಾಗಲ್ಲ, ಗುಂಡು ತಾಗಿತೋ ಇಲ್ಲವೋ ಅನ್ನೋದರಲ್ಲಿ ಮಾತ್ರ ಗೊತ್ತಾಗ್ತದೆ. ಕ್ಲೌಡ್ ಗೇಮ್‌ನಲ್ಲಿ ಫೋನ್ ಬರೀ ಟಿವಿ ಇದ್ದಂಗೆ. ಆಟ ನಡೆಯೋದು ದೂರದ ಸರ್ವರ್‌ನಲ್ಲಿ. ನೀನು ಸ್ಟಿಕ್ ತಿರುಗಿಸಿದ್ದು ಅಲ್ಲಿಗೆ ಹೋಗಬೇಕು, ಅಲ್ಲಿ ಚಿತ್ರ ತಯಾರಾಗಬೇಕು, ಅದನ್ನ ವಿಡಿಯೋ ಮಾಡಿ ಕುಗ್ಗಿಸಬೇಕು, ಅದು ವಾಪಸ್ ಬಂದು ಫೋನ್‌ನಲ್ಲಿ ಬಿಚ್ಚಿಕೊಳ್ಳಬೇಕು. ಇಷ್ಟೂ ಆದ ಮೇಲೇ ಕಾರು ತಿರುಗಿದ್ದು ಕಾಣ್ಸೋದು. ಹಾಗಾಗಿ ಫೋನ್ ರ್‍ಯಾಮ್‌ಗೂ ಇದಕ್ಕೂ ಹೆಚ್ಚು ಸಂಬಂಧ ಇಲ್ಲ, ವಿಡಿಯೋ ಬಿಚ್ಚೋ ಚಿಪ್ ಚೆನ್ನಾಗಿದ್ರೆ ಆಯ್ತು.

ಪಿಂಗ್ 26 ಅಂದ್ರೆ ಹೋಗಿ ಬರೋ ದಾರಿ ಮಾತ್ರ. ಸೆಕೆಂಡಿಗೆ 60 ಚಿತ್ರ ಅಂದ್ರೆ ಒಂದೊಂದಕ್ಕೆ ಸುಮಾರು 16.7 ಮಿಲಿಸೆಕೆಂಡ್. ಆಟದ ಒಳಗೇ ಒಂದೆರಡು ಚಿತ್ರದಷ್ಟು ಹೊತ್ತು ಹೋಗ್ತದೆ, ಕುಗ್ಗಿಸೋದಕ್ಕೆ, ಬಿಚ್ಚೋದಕ್ಕೆ ಇನ್ನಷ್ಟು, ಕಂಟ್ರೋಲರ್‌ಗೆ ಸ್ವಲ್ಪ, ಸ್ಕ್ರೀನ್‌ಗೆ ಸ್ವಲ್ಪ. ಎಲ್ಲಾ ಸೇರಿ ಎಲ್ಲವೂ ಸರಿಯಾಗಿದ್ದಾಗಲೂ 80ರಿಂದ 100 ಆಗೋದು ಸಾಮಾನ್ಯ. ಅಷ್ಟು ಇದ್ರೆ ಕೈ ಒಗ್ಗಿಕೊಳ್ತದೆ. ಒಗ್ಗದಿರೋದು ಯಾವುದಕ್ಕೆ ಅಂದ್ರೆ, ಒಂದ್ಸಲ 80, ಮತ್ತೊಂದ್ಸಲ 200 ಆಗೋದಕ್ಕೆ. "ಒಂದೊಂದ್ಸಲ ತೊಂದರೆ ಇಲ್ಲ" ಅಂದ್ರಲ್ಲ ರೇಸರ್, ನನಗೆ ಅದರ ಮೇಲೇ ಅನುಮಾನ.

ಸ್ಪೀಡ್ ಬಗ್ಗೆ ಹೇಳೋದಾದ್ರೆ, ಜಿಫೋರ್ಸ್ ನೌನವರು 720ಕ್ಕೆ 15, 1080ಕ್ಕೆ 25 ಎಂಬಿಪಿಎಸ್ ಕೇಳ್ತಾರೆ, ಎರಡೂ 60 ಚಿತ್ರಕ್ಕೆ. ನಿಮ್ಮ ಹತ್ರ ಅದರ ಎರಡರಷ್ಟಿದೆ. ಯೂಟ್ಯೂಬ್ ಆದ್ರೆ ಮುಂದಿನದನ್ನ ಮೊದಲೇ ತಂದು ಇಟ್ಕೊಳ್ತದೆ, ನೆಟ್ ಒಂದು ಸೆಕೆಂಡ್ ಎಡವಿದ್ರೂ ಗೊತ್ತಾಗಲ್ಲ. ಇಲ್ಲಿ ನೀವು ಇನ್ನೂ ಒತ್ತದ ಬಟನ್‌ನ ಚಿತ್ರ ಮೊದಲೇ ತಂದಿಡೋಕೆ ಆಗಲ್ಲ ಅಲ್ವಾ.

ಟರ್ಮಕ್ಸ್ ಆ್ಯಪ್ ಹಾಕ್ಕೊಳ್ಳಿ. ಎಲ್ಲಿ ಕೂತು ಆಡ್ತೀರೋ ಅಲ್ಲೇ ಕೂತು, ಕಂಟ್ರೋಲರ್ ಜೋಡಿಸಿಯೇ ಇಟ್ಟು, ಇವೆರಡನ್ನೂ ಓಡಿಸಿ ಕೊನೆಯ ಸಾಲು ಹಾಕಿ.

```
ping -i 0.2 -c 200 192.168.1.1
ping -i 0.2 -c 200 1.1.1.1
```

ಮೊದಲನೆಯದು ನಿಮ್ಮ ರೂಟರ್ ವಿಳಾಸ, ಕೆಲವು ಕಡೆ `192.168.0.1` ಇರ್ತದೆ, ವೈಫೈ ವಿವರದಲ್ಲಿ ನೋಡ್ಕೊಳ್ಳಿ. `-i 0.2` ಬಿಡಬೇಡಿ. ಸುಮ್ನೆ ಓಡಿಸಿದ್ರೆ ಸೆಕೆಂಡಿಗೆ ಒಂದೇ ಹೋಗ್ತದೆ, ಆ ನಡುವೆ ಫೋನ್ ಬ್ಯಾಟರಿ ಉಳಿಸೋಕೆ ವೈಫೈನ ಮಲಗಿಸ್ತದೆ, ಆಗ ಇಲ್ಲದ ಲ್ಯಾಗ್ ಕಾಣ್ತದೆ.

ಸೇಡಂರೋಡ್ ರೇಸರ್

ಮಾಡಿದೆ ಅಣ್ಣ. ಮೊದಲನೆಯದು ರೂಟರ್, ಎರಡನೆಯದು ಹೊರಗಿನದು.

```
rtt min/avg/max/mdev = 2.3/19.7/168.4/27.1 ms
rtt min/avg/max/mdev = 24.8/43.9/201.5/29.6 ms
```

ಬಿದರಿ

ಸಿಕ್ತು. ಎರಡನೇ ಸಾಲಿನ ಮೊದಲ ಅಂಕಿ 24.8 ನೋಡಿ. ದಾರಿ ಖಾಲಿ ಇದ್ದಾಗ ಹೊರಗೆ ಹೋಗಿ ಬರೋಕೆ ಬೇಕಾಗೋದು ಅಷ್ಟೇ. ಈಗ ಮೊದಲ ಸಾಲಿನ ಮೂರನೇ ಅಂಕಿ ನೋಡಿ, 168. ನಿಮ್ಮ ಕೈಯಿಂದ ಮುಂದಿನ ಕೋಣೆಗೆ ಹೋಗಿ ಬರೋಕೆ ಒಂದೊಂದ್ಸಲ 168 ಮಿಲಿಸೆಕೆಂಡ್ ಹಿಡೀತಿದೆ, ಅಂದ್ರೆ ಹತ್ತು ಚಿತ್ರ ಹೋಯ್ತು. ಕಾಯಿಲೆ ಮನೆಯೊಳಗೇ ಇದೆ. ಸ್ಪೀಡ್ ಟೆಸ್ಟ್ ಇದನ್ನ ಹಿಡಿಯಲ್ಲ, ಯಾಕಂದ್ರೆ ಅದು ಹತ್ತು ಹನ್ನೆರಡು ಸೆಕೆಂಡಿನಲ್ಲಿ ಒಟ್ಟು ಎಷ್ಟು ಬಂತು ಅಂತ ಲೆಕ್ಕ ಹಾಕ್ತದೆ, ಯಾವುದು ಯಾವಾಗ ಬಂತು ಅಂತ ಅಲ್ಲ.

ನೀವು 2.4 ಗಿಗಾಹರ್ಟ್ಜ್ ವೈಫೈನಲ್ಲಿದ್ದೀರಿ ಅಂತ ನನ್ನ ಊಹೆ. ಬ್ಲೂಟೂತ್ ಓಡೋದೂ ಅದೇ 2.4ರಲ್ಲೇ. ಬಹಳಷ್ಟು ಫೋನ್‌ಗಳಲ್ಲಿ ಎರಡಕ್ಕೂ ಒಂದೇ ಚಿಪ್, ಆಂಟೆನಾ ಕೂಡ ಹಂಚಿಕೊಂಡಿರ್ತವೆ, ಸರದಿ ಮೇಲೆ ಮಾತಾಡ್ತವೆ. ಕಂಟ್ರೋಲರ್ ಮಾತಾಡುವಾಗ ವೈಫೈ ಸುಮ್ಮನಿರಬೇಕು. ಅದರ ಮೇಲೆ ಅಕ್ಕಪಕ್ಕದ ಮನೆಗಳ ರೂಟರ್‌ಗಳೂ ಅಲ್ಲೇ ಕಿರುಚ್ತಿರ್ತವೆ. 5 ಗಿಗಾಹರ್ಟ್ಜ್‌ಗೆ ಹೋಗಿ. ಬಹಳ ರೂಟರ್‌ಗಳಲ್ಲಿ ಎರಡಕ್ಕೂ ಒಂದೇ ಹೆಸರು ಇಟ್ಟಿರ್ತಾರೆ, ಫೋನ್ ತನಗೆ ಬೇಕಾದ್ದು ಹಿಡೀತದೆ. ರೂಟರ್ ಪುಟದಲ್ಲಿ ಎರಡಕ್ಕೂ ಬೇರೆ ಹೆಸರು ಕೊಟ್ಟು, ಫೋನ್‌ನಲ್ಲಿ 5ರದ್ದನ್ನ ಮಾತ್ರ ಉಳಿಸಿ, ಹಳೇದನ್ನ ಮರೆತುಬಿಡು ಅಂತ ಒತ್ತಿ.

ತೊಗರಿ ಕಣಜ

ಅಂದ್ರೆ ನನ್ನ 200ರ ಪ್ಲಾನ್ ದಂಡನಾ? ನಮ್ಮ ಮನೆಯಲ್ಲಿ ಕಡಿಮೆಯಾಗಿದ್ದಂತೂ ಸುಳ್ಳಲ್ಲ.

ಬಿದರಿ

ಸುಳ್ಳು ಅಂದಿಲ್ಲ ಅಣ್ಣಾ. ಪ್ಲಾನ್ ಬದಲಿಸಿದಾಗ ಹೊಸ ರೂಟರ್ ಕೊಟ್ಟರಾ? ಕೊಟ್ಟಿದ್ರೆ ಅದರಿಂದಲೂ ಆಗಿರಬಹುದು.

ತೊಗರಿ ಕಣಜ

ಕೊಟ್ಟರು. ಹ್ಞೂಂ.

ಸೇಡಂರೋಡ್ ರೇಸರ್

ಅಣ್ಣ, ಹೆಸರು ಬೇರೆ ಮಾಡಿದೆ, 5ಕ್ಕೆ ಹೋದೆ. ಆದ್ರೆ ಹಿಂದಿನ ಕೋಣೆಯಲ್ಲಿ ಸಿಗ್ನಲ್ ಒಂದೇ ಕಡ್ಡಿ. ಹಳೇ ಮನೆ, ಶಹಾಬಾದ್ ಕಲ್ಲಿನ ದಪ್ಪ ಗೋಡೆ. ನಡುಮನೆಗೆ ಬಂದು ಕೂತು ನೋಡಿದ್ರೆ ಹೀಗೆ ಬಂತು:

```
rtt min/avg/max/mdev = 1.9/3.6/14.2/1.8 ms
rtt min/avg/max/mdev = 24.1/26.4/41.0/2.7 ms
```

ಆಟ ಬೇರೆಯೇ ಆಗಿಬಿಟ್ಟಿದೆ! ಆದ್ರೆ ಸಂಜೆ ಏಳರ ಮೇಲೆ ಮತ್ತೆ ಹಾಳಾಗ್ತದೆ. ಆಗ ರೂಟರ್ ಸಾಲು ಹೀಗೇ ಚೆನ್ನಾಗಿರ್ತದೆ, ಹೊರಗಿನದು ಮಾತ್ರ 180, 220 ಅಂತ ಏರ್ತದೆ.

ಬಿದರಿ

ಆ ಕಲ್ಲಿನ ಮುಂದೆ 5 ಗಿಗಾಹರ್ಟ್ಜ್ ನಿಲ್ಲಲ್ಲ, ನಡುಮನೆಯಲ್ಲೇ ಆಡಿ, ಇಲ್ಲವೇ ಒಂದು ಲ್ಯಾನ್ ತಂತಿ ಎಳೆದು ಹಿಂದೆ ಇನ್ನೊಂದು ರೂಟರ್ ಇಡಿ. ರಿಪೀಟರ್ ಮಾತ್ರ ಕೊಳ್ಳಬೇಡಿ, ಅಗ್ಗದವು ಅದೇ ಗಾಳಿಯಲ್ಲಿ ಎರಡು ಸಲ ಕಳಿಸ್ತವೆ, ತಡ ಇನ್ನೂ ಹೆಚ್ಚಾಗ್ತದೆ.

ಸಂಜೆ ಮನೆಯಲ್ಲಿ ಯಾರಾದ್ರೂ ಏನಾದ್ರೂ ಮೇಲೆ ಕಳಿಸ್ತಾರಾ? ಕ್ಯಾಮೆರಾ, ಫೋಟೋ ಬ್ಯಾಕಪ್, ಏನಾದ್ರೂ?

ಸೇಡಂರೋಡ್ ರೇಸರ್

ನಮ್ಮ ಅಣ್ಣ ಮದುವೆ ವಿಡಿಯೋ ಮಾಡ್ತಾನೆ. ಸಂಜೆ ಬಂದು ಎಡಿಟರ್‌ಗೆ ಫೈಲ್ ಅಪ್‌ಲೋಡ್ ಹಚ್ಚಿ ಊಟಕ್ಕೆ ಕೂಡ್ತಾನೆ. ಆದ್ರೆ ಅವನದು ಅಪ್‌ಲೋಡ್, ನನ್ನದು ಡೌನ್‌ಲೋಡ್ ಅಲ್ವಾ?

ಬಿದರಿ

ಚಿತ್ರ ಕೆಳಗೆ ಬರ್ತದೆ, ನಿಮ್ಮ ಬಟನ್ ಮೇಲೆ ಹೋಗ್ತದೆ. ಬಟನ್ ಮಾಹಿತಿ ತೀರಾ ಸಣ್ಣದು, ಅದಕ್ಕೆ ಸ್ಪೀಡ್ ಬೇಕಿಲ್ಲ. ಆದ್ರೆ ಸರದಿ ಬೇಕು. ತೊಗರಿ ಲಾರಿಗಳು ಎಪಿಎಂಸಿ ಗೇಟಿನ ಮುಂದೆ ಸಾಲು ನಿಂತಾಗ ಹಿಂದೆ ಬಂದ ಬೈಕ್ ಹೇಗೆ ಸಿಕ್ಕಿಕೊಳ್ತದೋ ಹಾಗೆ. ನಿಮ್ಮ ಅಪ್‌ಲೋಡ್ 9 ಎಂಬಿಪಿಎಸ್. ಅಣ್ಣನ ಫೈಲ್ ಅದನ್ನ ಪೂರ್ತಿ ತುಂಬ್ತದೆ. ರೂಟರ್ ಉಳಿದದ್ದನ್ನ ಬಿಸಾಡದೆ ಸಾಲಿನಲ್ಲಿ ಇಟ್ಕೊಳ್ತದೆ. 9 ಎಂಬಿಪಿಎಸ್ ದಾರಿಯಲ್ಲಿ 200 ಕೆಬಿ ಸಾಲು ನಿಂತಿದ್ರೂ ಸಾಕು, ಅದು ಖಾಲಿಯಾಗೋಕೆ ಸುಮಾರು 180 ಮಿಲಿಸೆಕೆಂಡ್. ನಿಮಗೆ ಕಾಣ್ತಿರೋ ಏರಿಕೆ ಹೆಚ್ಚು ಕಡಿಮೆ ಇಷ್ಟೇ ಅಲ್ವಾ.

ಅಣ್ಣನ ಕಂಪ್ಯೂಟರ್‌ನ ಅಪ್‌ಲೋಡ್‌ನ 6 ಅಥವಾ 7ಕ್ಕೆ ಕಟ್ಟಿಹಾಕಿ. ಕಳಿಸೋ ಸಾಫ್ಟ್‌ವೇರ್‌ನಲ್ಲೇ ಮಿತಿ ಇಡೋ ಆಯ್ಕೆ ಇರ್ತದೆ, ಇಲ್ಲದಿದ್ರೆ ರೂಟರ್‌ನಲ್ಲಿ ಹುಡುಕಿ. ರೂಟರ್‌ನಲ್ಲಿ ಸಾಲು ಬೆಳೆಯದಂತೆ ತಾನೇ ನೋಡಿಕೊಳ್ಳೋ `SQM` ಅಂತ ಆಯ್ಕೆ ಇದ್ರೆ ಇನ್ನೂ ಒಳ್ಳೇದು, ಆದ್ರೆ ಕನೆಕ್ಷನ್ ಜೊತೆ ಕೊಡೋ ಡಬ್ಬಿಗಳಲ್ಲಿ ಅದು ಸಿಗೋದು ಅಪರೂಪ. ಕಣಜ ಅಣ್ಣ ಹೇಳಿದ್ದು ಇಲ್ಲಿ ಅರ್ಧ ನಿಜ, ದೊಡ್ಡ ಪ್ಲಾನ್‌ನಲ್ಲಿ ಅಪ್‌ಲೋಡ್ ಜಾಸ್ತಿ ಸಿಕ್ಕರೆ ಸಾಲು ಬೇಗ ಕರಗ್ತದೆ.

ಮಲಗಿದ ಬುದ್ಧ (ಶಹಾಪುರ)

ನಮ್ಮ ಕಡೆ ಫೈಬರ್ ಇಲ್ಲರೀ, 4ಜಿ ಮೇಲೇ ಆಡಬೇಕು. ಸ್ಪೀಡ್ 20 ಬರ್ತದೆ. ದಿನಕ್ಕೆ 2 ಜಿಬಿ ಪ್ಲಾನ್. ನಡೀತದಾ? ಮತ್ತೆ ಮಧ್ಯಾಹ್ನ ಆಡಿದ್ರೆ ಫೋನ್ ಹೆಂಚಾಗ್ತದೆ.

ಬಿದರಿ

ಡೇಟಾನೇ ಮುಗೀತದೆ ಸರ್. 15 ಎಂಬಿಪಿಎಸ್‌ನಲ್ಲಿ ಆಡಿದ್ರೆ 2 ಜಿಬಿ ಸುಮಾರು 18 ನಿಮಿಷಕ್ಕೆ ಖಾಲಿ, ಗಂಟೆಗೆ ಏಳು ಜಿಬಿ ಹತ್ರ ಬೇಕು. ಇನ್ನು 4ಜಿಯಲ್ಲಿ ಪ್ರತಿ ಸಲ ಮೇಲೆ ಕಳಿಸೋಕೆ ಫೋನ್ ಟವರ್‌ನ ಅನುಮತಿ ಕೇಳಬೇಕು, ಜೊತೆಗೆ ಟವರ್‌ನ ಊರೆಲ್ಲಾ ಹಂಚಿಕೊಂಡಿರ್ತದೆ, ಹಾಗಾಗಿ ಪಿಂಗ್ ಕುಣೀತಾನೇ ಇರ್ತದೆ. ಸರದಿಯ ಮೇಲೆ ಆಡೋ ಆಟ, ಇಸ್ಪೀಟು, ಚೆಸ್ಸು ನಡೀತವೆ. ರೇಸು, ಫೈಟಿಂಗು ಬೇಡ.

ಬಿಸಿಯ ಮಾತು ನಿಜ. ನಮ್ಮ ಕಡೆ 42 ಡಿಗ್ರಿ ಬಿಸಿಲಲ್ಲಿ ಚಾರ್ಜ್‌ಗೆ ಹಾಕ್ಕೊಂಡು ಆಡಿದ್ರೆ ಫೋನ್ ತನ್ನ ವೇಗ ತಾನೇ ಇಳಿಸ್ತದೆ, ವಿಡಿಯೋ ಬಿಚ್ಚೋದು ತಡ ಆಗ್ತದೆ. ಇದನ್ನ ಗುರುತಿಸೋದು ಸುಲಭ: ಪಿಂಗ್ ಸರಿ ಇರ್ತದೆ, ಮೊದಲು ಆಟ ಚೆನ್ನಾಗಿರ್ತದೆ, ಫೋನ್ ಕಾದ ಮೇಲೆ ನಿಧಾನ ಆಗ್ತದೆ. ಕವರ್ ತೆಗೀರಿ, ಚಾರ್ಜರ್ ಕೀಳಿ, ಫ್ಯಾನ್ ಕೆಳಗೆ ಕೂತ್ಕೊಳ್ಳಿ.

ಗುಲ್ಬರ್ಗಾ ಗನ್ನರ್

120 ಹರ್ಟ್ಜ್ ಸ್ಕ್ರೀನ್ ಇದ್ರೆ ಏನಾದ್ರೂ ಲಾಭ ಇದೆಯಾ, ಸರ್ವರ್ ಕಳಿಸೋದೇ 60 ಆದ್ರೆ?

ಬಿದರಿ

ಸ್ವಲ್ಪ ಇದೆ. ಬಂದ ಚಿತ್ರ ತೋರಿಸೋಕೆ ಸ್ಕ್ರೀನ್‌ನ ಮುಂದಿನ ಸುತ್ತಿಗೆ ಕಾಯಬೇಕು, 60ರಲ್ಲಿ ಆ ಕಾಯೋದು 16 ಮಿಲಿಸೆಕೆಂಡ್ ತನಕ, 120ರಲ್ಲಿ 8 ತನಕ. ಆದ್ರೆ ಕೆಲವು ಫೋನ್‌ಗಳು ವಿಡಿಯೋ ಓಡುವಾಗ ತಾವೇ 60ಕ್ಕೆ ಇಳೀತವೆ. ಡೆವಲಪರ್ ಆಯ್ಕೆಗಳಲ್ಲಿ ರಿಫ್ರೆಶ್ ರೇಟ್ ತೋರಿಸು ಅಂತ ಇರ್ತದೆ, ಅದನ್ನ ಹಚ್ಚಿ ನೋಡು.

ಸೇಡಂರೋಡ್ ರೇಸರ್

ಅಣ್ಣನದು 6ಕ್ಕೆ ಕಟ್ಟಿದೆ. ಅಪ್‌ಲೋಡ್ ನಡೀತಿದ್ರೂ ಹೊರಗಿನ ಪಿಂಗ್ 31 ದಾಟಲ್ಲ ಈಗ. ಅವನು ಬೈತಿದ್ದಾನೆ, ಅದು ಬೇರೆ. ಆದ್ರೆ ರಾತ್ರಿ ಒಂಬತ್ತರ ಮೇಲೆ ಮನೆಯಲ್ಲಿ ಎಲ್ಲಾ ಬಂದ್ ಮಾಡಿದ್ರೂ ಹೊರಗಿನದು 70ರ ಸುತ್ತ ನಿಲ್ತದೆ. ಕನಿಷ್ಠ ಅಂಕಿಯೇ 66.

ಬಿದರಿ

ಕನಿಷ್ಠವೇ 66 ಅಂದ್ರೆ ಸಾಲಿನದಲ್ಲ, ದಾರಿಯೇ ಬದಲಾಗಿರಬೇಕು. ಗಾಜಿನ ತಂತಿಯಲ್ಲಿ 100 ಕಿಲೋಮೀಟರ್ ಹೋಗಿ ಬರೋಕೆ 1 ಮಿಲಿಸೆಕೆಂಡ್ ಸಾಕು, ಇಲ್ಲಿಂದ ಮುಂಬೈ ಸುತ್ತುಬಳಸಿ ಹೋದ್ರೂ 66 ಆಗೋ ಮಾತಲ್ಲ. ಹಗಲು ಒಂದು, ರಾತ್ರಿ ಒಂಬತ್ತೂವರೆಗೆ ಒಂದು ಇದನ್ನ ಓಡಿಸಿ ಎರಡೂ ಹಾಕಿ. ಟರ್ಮಕ್ಸ್‌ನಲ್ಲಿ `pkg install traceroute` ಮೊದಲು.

```
traceroute 1.1.1.1
```

ತೊಗರಿ ಕಣಜ

ವಿಪಿಎನ್ ಹಾಕಿದ್ರೆ ದಾರಿ ಬದಲಾಗಲ್ವಾ?

ಬಿದರಿ

ಆಗಬಹುದು, ಇನ್ನೂ ಕೆಟ್ಟದ್ದೂ ಆಗಬಹುದು. ಮೊದಲು ಆ ಎರಡು ಪಟ್ಟಿ ಬರಲಿ, ರಾತ್ರಿಯದು ಎಲ್ಲಿ ಜಿಗೀತದೆ ನೋಡೋಣ. ಕನೆಕ್ಷನ್ ಕೊಟ್ಟವರಿಗೆ ದೂರು ಕೊಡೋದಾದ್ರೂ ಅದೇ ಬೇಕು, "ಲ್ಯಾಗ್ ಬರ್ತದೆ" ಅಂದ್ರೆ ರೂಟರ್ ಆಫ್ ಮಾಡಿ ಆನ್ ಮಾಡಿ ಅಂತಾರೆ.

ಸೇಡಂರೋಡ್ ರೇಸರ್

ಹಗಲಿನದು ತೆಗೆದಿಟ್ಟಿದ್ದೇನೆ, ರಾತ್ರಿಯದು ಸೇರಿಸಿ ಹಾಕ್ತೇನೆ. ಇವತ್ತು ಎಂಟರಿಂದ ಕರೆಂಟ್ ಇರಲ್ಲವಂತೆ, ರೂಟರ್ ಇನ್ವರ್ಟರ್ ಮೇಲಿದೆ, ಬೀದಿಯಲ್ಲಿರೋ ಅವರ ಡಬ್ಬಿ ಇದೆಯೋ ಇಲ್ಲವೋ ಅದು ಆಗಲೇ ಗೊತ್ತಾಗ್ಬೇಕು.